ಹೆಸರನ್ನು ಕೊನೆಗೆ ಕೇಳಿ

ಹಳೇ ಆಲ್ಬಮ್ಮನ್ನು ಅಜ್ಜಿಯ ತೊಡೆಯ ಮೇಲಿಟ್ಟು, ಒಂದು ಮುಖದ ಮೇಲೆ ಬೆರಳಿಟ್ಟು, ‘ಇದ್ಯಾರಜ್ಜಿ?’ ಎಂದು ಕೇಳುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ. ‘ಯಾರೋ ಕಾಣೆ, ಗಂಡಿನ ಕಡೆಯವರಿರಬೇಕು’ ಎನ್ನುತ್ತಾರೆ. ಬೆರಳು ಪಕ್ಕದ ಮುಖಕ್ಕೆ ಸರಿಯುತ್ತದೆ, ಮತ್ತೆ ಅದೇ ಪ್ರಶ್ನೆ. ನಾಲ್ಕೈದು ಮುಖ ದಾಟುವಷ್ಟರಲ್ಲಿ ಅಜ್ಜಿಗೆ ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸಲು ನಿಂತ ಮಗುವಿನ ಸಂಕಟ. ‘ನಂಗೀಗ ಏನೂ ನೆನಪಿರಲ್ಲ ಬಿಡು’ ಎಂದು ಆಲ್ಬಮ್ ಮುಚ್ಚುತ್ತಾರೆ. ಮನೆಯವರೂ ಹಾಗೆಂದೇ ನಂಬಿಬಿಡುತ್ತಾರೆ.

ಆದರೆ ಅದೇ ಅಜ್ಜಿಗೆ ಆ ಮದುವೆಯ ದಿನ ಮಳೆ ಬಂದು ಚಪ್ಪರ ಸೋರಿದ್ದು ನೆನಪಿರುತ್ತದೆ. ಬೀಗರು ಯಾವ ಊರಿನಿಂದ ಗಾಡಿ ಕಟ್ಟಿಕೊಂಡು ಬಂದರು, ಯಾರು ಕೋಪಿಸಿಕೊಂಡು ಊಟ ಬಿಟ್ಟರು ಎಂಬುದೂ ನೆನಪಿರುತ್ತದೆ. ಅಲ್ಲಿ ಕೈಕೊಟ್ಟದ್ದು ನೆನಪಲ್ಲ, ಪ್ರಶ್ನೆ. ಮನುಷ್ಯರ ತಲೆಯಲ್ಲಿ ಒಬ್ಬ ವ್ಯಕ್ತಿಯ ಬಗ್ಗೆ ಇರುವ ಎಲ್ಲ ವಿವರಗಳಲ್ಲಿ ಹೊರತೆಗೆಯಲು ಅತಿ ಕಷ್ಟವಾದದ್ದು ಹೆಸರು. 1987ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರಜ್ಞರು ಅಪರಿಚಿತ ಮುಖಗಳನ್ನು ತೋರಿಸಿ, ಪ್ರತಿಯೊಬ್ಬರ ಹೆಸರನ್ನೂ ಕಸುಬನ್ನೂ ಕಲಿಸಿ, ಆಮೇಲೆ ಕೇಳಿ ನೋಡಿದರು. ಕಸುಬು ಸುಲಭವಾಗಿ ನೆನಪಾಯಿತು, ಹೆಸರು ತಡವರಿಸಿತು. ಇಂಗ್ಲಿಷಿನಲ್ಲಿ ಬೇಕರ್ ಎನ್ನುವುದು ಕಸುಬೂ ಹೌದು, ಮನೆತನದ ಹೆಸರೂ ಹೌದು. ಅದೇ ಪದ ಕಸುಬಾಗಿದ್ದಾಗ ನೆನಪಿಗೆ ಬಂದಷ್ಟು ಸಲೀಸಾಗಿ ಹೆಸರಾಗಿದ್ದಾಗ ಬರಲಿಲ್ಲ. ‘ಬಾಯಲ್ಲೇ ಇದೆ, ಬರ್ತಾ ಇಲ್ಲ’ ಎಂಬ ಅವಸ್ಥೆ ವಯಸ್ಸಾದಂತೆ ಹೆಚ್ಚುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಹೀಗಿರುವಾಗ ಎಂಬತ್ತು ದಾಟಿದವರನ್ನು ನೇರವಾಗಿ ಹೆಸರನ್ನೇ ಕೇಳುವುದೆಂದರೆ ಅತಿ ಕಷ್ಟದ ಬಾಗಿಲನ್ನೇ ಮೊದಲು ತಟ್ಟಿದಂತೆ.

ಆದ್ದರಿಂದ ಕೇಳುವ ಕ್ರಮವನ್ನು ತಿರುಗಿಸಬೇಕು. ಮೊದಲು ಜಾಗ, ಆಮೇಲೆ ಸಂದರ್ಭ, ಆಮೇಲೆ ಸಂಬಂಧ, ಎಲ್ಲಕ್ಕೂ ಕೊನೆಯಲ್ಲಿ ಹೆಸರು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಒಂದೇ ಒಂದು ಚಿತ್ರ ಸಾಕು. ಶರಾವತಿ ಕಣಿವೆಯ ಒಂದು ಮನೆತನದಲ್ಲಿ ಸಿಗಬಹುದಾದಂಥ ಮದುವೆಯ ಗ್ರೂಪ್ ಫೋಟೋವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಕಪ್ಪು–ಬಿಳುಪು. ಹನ್ನೆರಡು ಮುಖಗಳು. ಹಿಂದುಗಡೆ ಸಾಗರದ ಒಂದು ಸ್ಟುಡಿಯೋದ ಮಾಸಿದ ಮೊಹರು, ಅಷ್ಟೇ. ಹೆಸರಿಲ್ಲ, ಇಸವಿ ಇಲ್ಲ.

ಪ್ರಶ್ನೆಗೆ ಮುಂಚೆ ಸ್ವಲ್ಪ ತಯಾರಿ ಬೇಕು. ಹಳೇ ಚಿತ್ರಗಳು ಅಂಗೈಯಗಲ ಇರುತ್ತವೆ, ಅವುಗಳಲ್ಲಿ ಮುಖ ಕಡಲೆಕಾಳಿನಷ್ಟು. ಪೊರೆಯ ಶಸ್ತ್ರಚಿಕಿತ್ಸೆ ಆದ ಕಣ್ಣಿಗೆ ಅದು ಮಸುಕು ಚುಕ್ಕೆ. ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದರೆ ಒಂದು ಮುಖ ಕಾಣುತ್ತದೆ, ಆದರೆ ಅಕ್ಕಪಕ್ಕದವರು ಮಾಯವಾಗುತ್ತಾರೆ. ಗುರುತು ಹಿಡಿಯುವುದಕ್ಕೆ ಅಕ್ಕಪಕ್ಕದವರೇ ಮುಖ್ಯ. ಆದ್ದರಿಂದ ಚಿತ್ರವನ್ನು ಸ್ಕ್ಯಾನ್ ಮಾಡಿಸಿ, ಒಂದು ಎ4 ಹಾಳೆಯ ತುಂಬ ಪ್ರಿಂಟ್ ತೆಗೆಸಿಕೊಳ್ಳುವುದು ಲೇಸು. ಚಿಕ್ಕ ಚಿತ್ರವಾದರೆ ಸ್ಕ್ಯಾನಿಂಗ್ 600 ಡಿಪಿಐ ಇರಲಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಆಲ್ಬಮ್ಮಿಗೆ ಅಂಟಿಕೊಂಡ ಚಿತ್ರವನ್ನು ಕೀಳುವುದಾಗಲಿ, ಗಾಜಿಗೆ ಹತ್ತಿಕೊಂಡದ್ದನ್ನು ಚೌಕಟ್ಟಿನಿಂದ ಎಳೆಯುವುದಾಗಲಿ ಬೇಡ. ಮುಖದ ಪದರವೇ ಕಿತ್ತು ಬಂದೀತು. ಅಂಥವನ್ನು ಇದ್ದ ಹಾಗೇ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಹಿಡಿದರೆ ಸಾಕು. ಪ್ರಿಂಟಿನ ಮೇಲೆ ಬಟರ್ ಪೇಪರ್ ಇಟ್ಟು, ಪ್ರತಿ ತಲೆಗೂ ಒಂದು ಸಂಖ್ಯೆ ಬರೆದುಕೊಂಡರೆ, ಆಮೇಲೆ ‘ಅವರ ಪಕ್ಕದವರು, ಅಲ್ಲ ಈ ಕಡೆಯವರು’ ಎಂಬ ಗೊಂದಲ ಇರುವುದಿಲ್ಲ. ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವಾಗಲೂ ‘ಏಳನೆಯವರು’ ಎಂದು ಸಂಖ್ಯೆಯನ್ನು ಬಾಯಲ್ಲಿ ಹೇಳಬೇಕು. ಬೆರಳು ತೋರಿಸಿದ್ದು ಧ್ವನಿಯಲ್ಲಿ ಕೇಳಿಸುವುದಿಲ್ಲ.

ಮಾದರಿ ಚಿತ್ರದಲ್ಲಿ ನಡುವೆ ಮದುಮಗ, ಮದುಮಗಳು ಕುರ್ಚಿಯಲ್ಲಿದ್ದಾರೆ: ಮೂರು ಮತ್ತು ನಾಲ್ಕು. ಅವರ ಒಂದು ಪಕ್ಕಕ್ಕೆ ವಯಸ್ಸಾದ ಗಂಡಸು, ಹೆಂಗಸು: ಒಂದು, ಎರಡು. ಇನ್ನೊಂದು ಪಕ್ಕಕ್ಕೆ ನಡುವಯಸ್ಸಿನ ಹೆಂಗಸು: ಐದು. ಹಿಂದೆ ನಿಂತವರು ನಾಲ್ವರು: ಕೂಸನ್ನು ಎತ್ತಿಕೊಂಡ ಎಳೆಯ ಹೆಂಗಸು ಆರು, ಕೋಟು ಹಾಕಿದವರು ಏಳು, ಗಾಂಧಿ ಟೋಪಿಯವರು ಎಂಟು, ಇನ್ನೊಬ್ಬ ಯುವಕ ಒಂಬತ್ತು. ಚಾಪೆಯ ಮೇಲೆ ಒಂದು ಹುಡುಗಿ, ಒಂದು ಹುಡುಗ: ಹತ್ತು, ಹನ್ನೊಂದು. ಎತ್ತಿಕೊಂಡ ಕೂಸು ಹನ್ನೆರಡು. ಆರನೆಯವರೇ ಅಜ್ಜಿ. ಅದು ಮನೆಯವರಿಗೆಲ್ಲ ಗೊತ್ತು. ಉಳಿದದ್ದು ಕತ್ತಲೆ.

ಮೊದಲ ಪ್ರಶ್ನೆ ಜನರ ಬಗ್ಗೆ ಅಲ್ಲ, ಜಾಗದ ಬಗ್ಗೆ. ‘ಇದು ಯಾವ ಮನೆ ಅಂಗಳ? ಹಿಂದೆ ಕಾಣೋ ಬಾಗಿಲು ಎಲ್ಲಿಗೆ ಹೋಗುತ್ತೆ?’ ಅಜ್ಜಿ ಕಂಬ ನೋಡುತ್ತಾರೆ, ಮೆಟ್ಟಿಲು ನೋಡುತ್ತಾರೆ. ‘ಇದು ಹಳೇ ಮನೆ. ಮುಳುಗಡೆ ಆಯ್ತಲ್ಲ, ಅದು.’ ಒಂದೇ ಉತ್ತರದಲ್ಲಿ ಎರಡು ಸಂಗತಿ ಸಿಕ್ಕವು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಚಿತ್ರ ಅದಕ್ಕೂ ಹಿಂದಿನದು. ಮದುವೆ ಹೆಣ್ಣಿನ ಮನೆಯಲ್ಲಿ ನಡೆಯುವ ರೂಢಿಯಾದ್ದರಿಂದ, ಮದುಮಗಳು ಇದೇ ಮನೆಯವಳು. ‘ಹಾಗಾದ್ರೆ ಈ ಮನೆಯಿಂದ ಹೊರಟ ಹೆಣ್ಣು ಯಾರು?’ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ: ‘ನಮ್ಮ ನಾದಿನಿ.’ ನಾದಿನಿಯ ಹೆಸರೂ, ಕೊಟ್ಟ ಊರೂ, ಅಳಿಯನ ಹೆಸರೂ ಅದರ ಬೆನ್ನಿಗೇ ಬರುತ್ತವೆ. ಮೂರು, ನಾಲ್ಕು ಮುಗಿಯಿತು.

ಇನ್ನು ಕಾಲ. ‘ಯಾವ ಇಸವಿ?’ ಎಂದು ಕೇಳಿದರೆ ಹಳ್ಳಿಯ ಹಿರಿಯರಲ್ಲಿ ಅನೇಕರಿಗೆ ಉತ್ತರವಿಲ್ಲ. ಆದರೆ ಅವರ ಬಳಿ ಬೇರೆ ಲೆಕ್ಕಗಳಿವೆ. ‘ನಿಮ್ಮ ಮದುವೆ ಆಗಿ ಎಷ್ಟು ಆಗಿತ್ತು? ಆಗ ನಿಮಗೆ ಎಷ್ಟು ಮಕ್ಕಳು? ಮಡಿಲಲ್ಲಿದ್ದ ಕೂಸು ನಡೀತಿತ್ತಾ?’ ಎಂದರೆ ಲೆಕ್ಕ ಖಚಿತವಾಗುತ್ತದೆ. ಸಂವತ್ಸರದ ಹೆಸರು ನೆನಪಿರುವವರೂ ಉಂಟು. ಅರವತ್ತು ವರ್ಷದ ಆ ಚಕ್ರವನ್ನು ಇಸವಿಗೆ ತಿರುಗಿಸುವುದು ಸುಲಭ: 2020ರ ಯುಗಾದಿಗೆ ಶುರುವಾದದ್ದು ಶಾರ್ವರಿ, ಅದರ ಹಿಂದಿನ ಶಾರ್ವರಿ 1960ರ ಯುಗಾದಿಗೆ. ಅಜ್ಜಿಯ ಮದುವೆ ವಿಜಯ ಸಂವತ್ಸರದಲ್ಲಿ ಆದದ್ದಾದರೆ ಅದು 1953–54. ಮುಳುಗಡೆ 1964. ಚಿತ್ರದ ಕಾಲ ಈಗ ಹತ್ತು ವರ್ಷದ ಒಳಗೆ ಬಂತು.

ಇಲ್ಲಿ ಒಂದು ಬಲೆ ಇದೆ, ಅದರಲ್ಲಿ ಬೀಳದ ಮನೆಯೇ ಕಡಿಮೆ. ಮೊಮ್ಮಗಳು ಹನ್ನೆರಡನೆಯ ಮುಖ ತೋರಿಸಿ, ‘ಅಜ್ಜಿ, ಈ ಪಾಪು ದೊಡ್ಡಪ್ಪ ಅಲ್ವಾ?’ ಎನ್ನುತ್ತಾಳೆ. ಅಜ್ಜಿ ‘ಹೂಂ, ಇರಬೇಕು’ ಎನ್ನುತ್ತಾರೆ. ಅಲ್ಲಿಗೆ ಚಿತ್ರದ ಹಿಂದೆ ದೊಡ್ಡಪ್ಪನ ಹೆಸರು ಬೀಳುತ್ತದೆ. ಆದರೆ ಆ ಉತ್ತರ ಅಜ್ಜಿಯದಲ್ಲ, ಮೊಮ್ಮಗಳದು. ಮುದ್ದಿನ ಮೊಮ್ಮಗಳ ಮಾತನ್ನು ಅಲ್ಲಗಳೆಯಲು ಅಜ್ಜಿಗೆ ಮನಸ್ಸಿಲ್ಲ, ಅಷ್ಟೇ.

ಪ್ರಶ್ನೆಯ ಒಂದು ಪದ ಉತ್ತರವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿಕೊಟ್ಟರು. ಕಾರುಗಳ ಅಪಘಾತದ ಒಂದೇ ಚಿತ್ರವನ್ನು ನೋಡಿದವರಲ್ಲಿ ಕೆಲವರಿಗೆ, ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು ಕೇಳಲಾಯಿತು. ಇನ್ನು ಕೆಲವರಿಗೆ, ತಾಗಿದಾಗ ಎಷ್ಟಿತ್ತು ಎಂದು. ಮೊದಲಿನವರ ಅಂದಾಜು ಸರಾಸರಿ ಗಂಟೆಗೆ 40 ಮೈಲಿಗೂ ಹೆಚ್ಚು, ಎರಡನೆಯವರದು 31.8. ಅಷ್ಟೇ ಅಲ್ಲ. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಇಪ್ಪತ್ತು ಮಂದಿಗೆ ಅವರ ಬಾಲ್ಯದ ನಿಜವಾದ ಚಿತ್ರಗಳ ಜೊತೆ, ಬಿಸಿಗಾಳಿ ಬಲೂನಿನಲ್ಲಿ ಅವರು ಕೂತಂತೆ ಜೋಡಿಸಿದ ಒಂದು ಸುಳ್ಳು ಚಿತ್ರವನ್ನೂ ಕೊಟ್ಟು ಮತ್ತೆ ಮತ್ತೆ ಕೇಳಲಾಯಿತು. ಅವರಲ್ಲಿ ಅರ್ಧದಷ್ಟು ಜನ, ಎಂದೂ ಆಗದ ಆ ಬಲೂನ್ ಸವಾರಿಯನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ನೆನಪಿಸಿಕೊಂಡರು. ಚಿತ್ರ ನೆನಪನ್ನು ಎಬ್ಬಿಸುತ್ತದೆ ಎಂಬುದು ನಿಜ. ಹುಟ್ಟಿಸುತ್ತದೆ ಎಂಬುದೂ ಅಷ್ಟೇ ನಿಜ.

ಅದಕ್ಕೇ ಕೇಳುವವರು ತಮ್ಮ ಊಹೆಯನ್ನು ಬಾಯಿಬಿಟ್ಟು ಹೇಳಕೂಡದು. ‘ದೊಡ್ಡಪ್ಪ ಅಲ್ವಾ?’ ಎನ್ನುವ ಬದಲು ‘ಈ ಕೂಸು ನಿಮಗೆ ಎಷ್ಟನೇದು? ಇದರ ದೊಡ್ಡವರು ಆಗ ಎಲ್ಲಿದ್ರು?’ ಎಂದು ಕೇಳಬೇಕು. ಮಾದರಿ ಚಿತ್ರದಲ್ಲಿ ಈ ಪ್ರಶ್ನೆಯಿಂದ ಗಂಟು ಬಿಚ್ಚುತ್ತದೆ. ‘ಇದು ಎರಡನೇದು, ಹೆಣ್ಣು. ವಿಳಂಬಿ ಸಂವತ್ಸರದ್ದು. ದೊಡ್ಡವನು ಇಲ್ಲೇ ಕೂತಿದಾನಲ್ಲ, ಚಾಪೆ ಮೇಲೆ’ ಎನ್ನುತ್ತಾರೆ ಅಜ್ಜಿ. ದೊಡ್ಡಪ್ಪ ಹನ್ನೆರಡಲ್ಲ, ಹನ್ನೊಂದು. ಶಾಲೆಯ ದಾಖಲೆಯಲ್ಲಿ ಅವರ ಹುಟ್ಟು 1955ರ ಜೂನ್ 1. ಆ ಕಾಲದಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಜೂನ್ 1 ಎಂದೇ ಬರೆಯುತ್ತಿದ್ದದ್ದು ಸಾಮಾನ್ಯ, ಆದ್ದರಿಂದ ತಿಂಗಳನ್ನು ನಂಬಬೇಕಿಲ್ಲ, ವರ್ಷವೂ ಒಂದೆರಡು ಆಚೀಚೆ ಇರಬಹುದು. ಆದರೂ ವಿಳಂಬಿ ಎಂದರೆ 1958–59. ಕೂಸಿಗೆ ಒಂದೂವರೆ ವರ್ಷದ ಆಸುಪಾಸು, ಹುಡುಗನಿಗೆ ನಾಲ್ಕೈದು. ಹಾಗಾದರೆ ಚಿತ್ರ 1960ರ ಹತ್ತಿರದ್ದು. ಎಳೆಯ ಮಗುವಿನ ಬಟ್ಟೆ ನೋಡಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವುದು ಬೇಡವೇ ಬೇಡ. ಗಂಡು ಕೂಸಿಗೂ ಲಂಗ ತೊಡಿಸಿ, ಜಡೆ ಹಾಕಿ, ಹೂ ಮುಡಿಸಿ ಫೋಟೋ ತೆಗೆಸುತ್ತಿದ್ದ ಮನೆಗಳು ಎಷ್ಟೋ.

ಈಗ ಸಂಬಂಧದ ಪ್ರಶ್ನೆ, ಅಂದರೆ ಕನ್ನಡದ ಮನೆಗಳಲ್ಲಿ ಅತಿ ಹೆಚ್ಚು ಎಡವುವ ಜಾಗ. ಎಂಟನೆಯವರನ್ನು, ಗಾಂಧಿ ಟೋಪಿಯವರನ್ನು ನೋಡಿ ಅಜ್ಜಿ ‘ಇವ್ರು ಮಾವ’ ಎಂದರೆ ಬರೆದುಕೊಂಡು ಮುಂದೆ ಹೋಗುವಂತಿಲ್ಲ. ಮಾವ ಎಂದರೆ ಗಂಡನ ತಂದೆ ಇರಬಹುದು, ತಾಯಿಯ ತಮ್ಮ ಇರಬಹುದು, ಸೋದರತ್ತೆಯ ಗಂಡ ಇರಬಹುದು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ರೂಢಿ ಇದ್ದ ಮನೆತನವಾದರೆ ಒಬ್ಬರೇ ಎರಡು ಸಂಬಂಧದಲ್ಲಿ ನಿಂತಿರುತ್ತಾರೆ. ಅತ್ತೆಯ ಗತಿಯೂ ಇದೇ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣನೂ ಹೌದು, ದೊಡ್ಡಮ್ಮನ ಗಂಡನೂ ಹೌದು. ಇನ್ನೂ ಒಂದು ತೊಡಕು: ಅಜ್ಜಿ ತಮ್ಮ ಲೆಕ್ಕದಲ್ಲಿ ‘ಮಾವ’ ಎಂದರೋ, ಕೇಳುತ್ತಿರುವ ಮೊಮ್ಮಗಳ ಲೆಕ್ಕದಲ್ಲಿ ಎಂದರೋ, ಮಕ್ಕಳ ಬಾಯಲ್ಲಿ ಮನೆಯವರೆಲ್ಲ ಕರೆಯುತ್ತಿದ್ದ ಹಾಗೆ ಎಂದರೋ? ‘ಯಾರಿಗೆ ಮಾವ?’ ಎಂಬ ಪ್ರಶ್ನೆ ಪ್ರತಿ ಸಲವೂ ಬೇಕು. ಅದರ ಜೊತೆಗೆ ‘ಅವರ ತಾಯಿ ಯಾರು? ಅವರನ್ನ ಎಲ್ಲಿಂದ ತಂದಿದ್ದು?’ ಎಂದು ಒಂದು ಮೆಟ್ಟಿಲು ಮೇಲಕ್ಕೂ, ‘ಅವರ ಮಕ್ಕಳು ಈಗ ಎಲ್ಲಿದಾರೆ?’ ಎಂದು ಒಂದು ಮೆಟ್ಟಿಲು ಕೆಳಕ್ಕೂ ಕೇಳಿದರೆ ಆ ವ್ಯಕ್ತಿ ವಂಶವೃಕ್ಷದಲ್ಲಿ ಗಟ್ಟಿಯಾಗಿ ಕೂರುತ್ತಾರೆ. ಮಾದರಿ ಚಿತ್ರದ ಎಂಟನೆಯವರು ಅಜ್ಜಿಯ ಅತ್ತೆಯ ತಮ್ಮ, ಮದುಮಗಳಿಗೆ ಸೋದರಮಾವ. ಅವರು ಮದುಮಗಳ ಬೆನ್ನಿಗೇ ನಿಂತಿದ್ದಾರೆ. ಹೆಣ್ಣನ್ನು ಮಂಟಪಕ್ಕೆ ಕರೆತರುವ ಸೋದರಮಾವ ಅಲ್ಲಿ ನಿಲ್ಲುವುದು ಸಹಜವೇ.

ಕೆಲವು ಹೆಸರುಗಳನ್ನು ಅಜ್ಜಿ ಮರೆತಿರುವುದಿಲ್ಲ, ಹೇಳುವುದಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು ಎಂಬ ಕಟ್ಟು ಆ ತಲೆಮಾರಿನಲ್ಲಿ ಬಲವಾಗಿತ್ತು. ಮಾವನವರ ಹೆಸರಿಗೂ ಎಷ್ಟೋ ಮನೆಗಳಲ್ಲಿ ಅದೇ ನಿಯಮ. ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುವ ಸಂಪ್ರದಾಯ ಬೆಳೆದದ್ದು ಈ ಕಟ್ಟಿನಿಂದಲೇ. ಒಂದನೆಯವರನ್ನು ತೋರಿಸಿದಾಗ ಅಜ್ಜಿ ‘ಗೊತ್ತಲ್ಲ, ಹಿರಿಯರು’ ಎಂದು ಸುಮ್ಮನಾದರೆ, ಮರೆತಿದ್ದಾರೆಂದು ಬಗೆದು ನಾಲ್ಕು ಹೆಸರು ಎದುರಿಗಿಡುವುದು ತಪ್ಪು. ‘ಅವರ ಹೆಸರನ್ನ ಮೊಮ್ಮಕ್ಕಳಲ್ಲಿ ಯಾರಿಗೆ ಇಟ್ಟಿದೀರಿ?’ ಎಂಬ ಪ್ರಶ್ನೆಗೆ ಯಾವ ಕಟ್ಟೂ ಅಡ್ಡಬರುವುದಿಲ್ಲ. ‘ದೊಡ್ಡವನಿಗೆ ಅವರದೇ ಹೆಸರು’ ಎನ್ನುತ್ತಾರೆ ಅಜ್ಜಿ. ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ ಅನೇಕ ಸಮುದಾಯಗಳಲ್ಲಿದೆ. ಹಾಗಾಗಿ ಕುರ್ಚಿಯಲ್ಲಿ ಕೂತ ಒಂದನೆಯವರಿಗೂ ಚಾಪೆಯ ಮೇಲಿನ ಹನ್ನೊಂದನೆಯ ಹುಡುಗನಿಗೂ ಒಂದೇ ಹೆಸರು. ಬರೆದಿಡುವಾಗ ಇದನ್ನೂ ನೋಡಿಕೊಳ್ಳಬೇಕು: ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಮರಳುವ ಮನೆಯಲ್ಲಿ ಬರೀ ಹೆಸರು ಬರೆದರೆ ಗುರುತು ಸಿಗದು. ತಂದೆಯ ಹೆಸರೋ ಊರೋ ಅದರ ಜೊತೆಗಿರಬೇಕು.

ಹೆಂಗಸರ ಹೆಸರು ಇನ್ನೂ ಜಾರುತ್ತದೆ. ಮದುವೆಯ ಮನೆಯಲ್ಲಿ ಹೊಸ ಹೆಸರಿಟ್ಟಿರುತ್ತಾರೆ. ತವರಿನವರು ಹಳೆಯದನ್ನೇ ಕರೆಯುತ್ತಾರೆ. ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ಬೇರೆ. ಸೀನ ಶ್ರೀನಿವಾಸನಾಗಿರಬಹುದು, ಕಿಟ್ಟಿ ಕೃಷ್ಣನಾಗಿರಬಹುದು, ಆದರೆ ಪುಟ್ಟಿ, ಪಾಪು, ಗುಂಡ ಯಾರು ಬೇಕಾದರೂ ಆಗಿರಬಹುದು. ‘ತವರಲ್ಲಿ ಏನಂತಿದ್ರು? ಶಾಲೇಲಿ ಏನು ಹೆಸರಿತ್ತು?’ ಎಂದು ಎರಡನ್ನೂ ಕೇಳಿ, ಎರಡನ್ನೂ ಬರೆಯಬೇಕು. ಹತ್ತನೆಯ ಹುಡುಗಿ ‘ನಮ್ಮ ಪುಟ್ಟಿ’, ಅಜ್ಜಿಯ ಕಿರಿಯ ನಾದಿನಿ. ಅವಳ ಶಾಲೆಯ ಹೆಸರು ಅಜ್ಜಿಗೆ ಥಟ್ಟನೆ ಬರದಿದ್ದರೆ, ಅವಳ ಮದುವೆಯ ಕಾಗದದಲ್ಲಿ ಅದು ಇದ್ದೇ ಇರುತ್ತದೆ.

ಮುಖ ಮರೆತರೂ ಒಡವೆ ಮರೆಯದ ಅಜ್ಜಿಯರು ಬಹಳ. ‘ಈ ಅಡ್ಡಿಗೆ ನಮ್ಮತ್ತೇದು, ಆಮೇಲೆ ಮುರಿಸಿ ಬಳೆ ಮಾಡಿಸಿದ್ವಿ’ ಎಂದು ಒಂದು ಕತ್ತಿನಿಂದ ಒಬ್ಬ ಮನುಷ್ಯರನ್ನು ಹಿಡಿದುಬಿಡುತ್ತಾರೆ. ಡಾಬು, ಬುಗುಡಿ, ಜಡೆಬಿಲ್ಲೆ, ಸೀರೆಯ ಅಂಚು, ಕೋಟಿನ ಗುಂಡಿ ಇವನ್ನೆಲ್ಲ ಒಂದೊಂದಾಗಿ ತೋರಿಸಿ ಕೇಳುವುದು ಮುಖ ತೋರಿಸುವುದಕ್ಕಿಂತ ಫಲ ಕೊಡುತ್ತದೆ. ಎಚ್ಚರ ಇಷ್ಟೇ: ಮದುವೆಗೆ ಒಡವೆ ಎರವಲು ತರುತ್ತಿದ್ದರು, ಸ್ಟುಡಿಯೋದವರು ಕೋಟು, ಟೋಪಿ, ಕೈಗಡಿಯಾರ ಕೊಡುತ್ತಿದ್ದದ್ದೂ ಉಂಟು. ಅಡ್ಡಿಗೆ ಅತ್ತೆಯದಾದರೂ ಕತ್ತು ಬೇರೆಯವರದಿರಬಹುದು. ‘ಇದನ್ನ ಬೇರೆ ಯಾರಾದ್ರೂ ಹಾಕ್ಕೊಳ್ತಿದ್ರಾ?’ ಎಂದು ಕೇಳದೆ ಮುಂದೆ ಹೋಗಬಾರದು. ಎಲ್ಲರ ಸೆರಗೂ ಬಲ ಹೆಗಲಿಗೆ ಬಿದ್ದಿದ್ದರೆ, ಕೋಟುಗಳ ಗುಂಡಿಯೂ ತಿರುಗಿದ್ದರೆ, ನೆಗೆಟಿವನ್ನು ತಿರುವುಮುರುವಾಗಿ ಇಟ್ಟು ಪ್ರಿಂಟ್ ತೆಗೆದಿದ್ದಾರೆಂದು ಅರ್ಥ. ಅಂಥ ಚಿತ್ರದಲ್ಲಿ ‘ಮಾವ ನನ್ನ ಎಡಗಡೆ ನಿಂತಿದ್ರು’ ಎಂಬ ಅಜ್ಜಿಯ ನೆನಪೇ ಸರಿ, ಚಿತ್ರ ತಪ್ಪು.

ಈ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಪ್ರಶ್ನೆ ಯಾವುದೆಂದರೆ ಬಹುಶಃ ಇದೇ: ‘ಇದರಲ್ಲಿ ಯಾರಿಲ್ಲ?’ ಮಾದರಿ ಚಿತ್ರದಲ್ಲಿ ಐದನೆಯ ಹೆಂಗಸು ಮದುಮಗನ ಪಕ್ಕ ಕುರ್ಚಿಯಲ್ಲಿ ಕೂತಿದ್ದಾರೆ. ಯಾರಾದರೂ ಅವರನ್ನು ಮದುಮಗನ ತಾಯಿ ಎಂದುಕೊಳ್ಳುತ್ತಾರೆ. ಒಂಬತ್ತನೆಯವರು ಅವನ ತಮ್ಮನೋ ಗೆಳೆಯನೋ ಎನ್ನುತ್ತಾರೆ. ಯಾರಿಲ್ಲ ಎಂದು ಕೇಳಿದಾಗ ಅಜ್ಜಿ ಹೇಳುತ್ತಾರೆ: ‘ಗಂಡಿನ ತಂದೆ ಇರಲಿಲ್ಲ, ಮೊದಲೇ ತೀರ್ಕೊಂಡಿದ್ರು. ಅಣ್ಣ ಅತ್ತಿಗೇನೇ ನಿಂತು ಮದುವೆ ಮಾಡಿದ್ದು. ಅವರ ತಾಯಿ ಒಳಗಿದ್ರು.’ ಒಳಗಿದ್ದರು ಎಂಬ ಆ ಒಂದು ಮಾತಿನಲ್ಲಿ ಆ ಕಾಲದ ಕ್ರೌರ್ಯವೂ ಇದೆ. ಗಂಡನನ್ನು ಕಳೆದುಕೊಂಡ ತಾಯಿಯನ್ನು ಸ್ವಂತ ಮಗನ ಮದುವೆಯ ಚಿತ್ರಕ್ಕೂ ಕರೆಯುತ್ತಿರಲಿಲ್ಲ ಎಷ್ಟೋ ಸಮುದಾಯಗಳಲ್ಲಿ. ಹಾಗಾಗಿ ಕುಂಕುಮ ಇಟ್ಟು ಕೂತ ಐದನೆಯವರು ತಾಯಿಯಲ್ಲ, ಅತ್ತಿಗೆ. ಒಂಬತ್ತನೆಯವರು ಅಣ್ಣ ಇರಬೇಕು. ಚಿತ್ರದಲ್ಲಿ ಇಲ್ಲದ ಆ ತಾಯಿಯ ಹೆಸರನ್ನೂ ಕೇಳಿ ಬರೆದಿಡುವುದು ನ್ಯಾಯ.

‘ಇರಬೇಕು’ ಎಂಬಲ್ಲಿ ನಿಲ್ಲದೆ ಪರೀಕ್ಷಿಸಲು ಮನೆಯಲ್ಲೇ ಎರಡು ದಾಖಲೆಗಳಿರುತ್ತವೆ. ಒಂದು ಮದುವೆಯ ಕಾಗದ. ಸಂವತ್ಸರ, ಮಾಸ, ತಿಥಿ, ವಾರ, ಎರಡೂ ಕಡೆಯ ಹಿರಿಯರ ಹೆಸರು ಎಲ್ಲ ಅದರಲ್ಲಿ ಅಚ್ಚಾಗಿರುತ್ತವೆ. ಟ್ರಂಕಿನ ತಳದಲ್ಲಿ ಸಿಕ್ಕ ಕಾಗದದಲ್ಲಿ ಶಾರ್ವರಿ ಸಂವತ್ಸರ, ವೈಶಾಖ ಮಾಸ ಎಂದಿದ್ದರೆ ಅದು 1960ರ ಏಪ್ರಿಲ್ ಕೊನೆ ಅಥವಾ ಮೇ ತಿಂಗಳು. ಗಂಡಿನ ಕಡೆ ತಂದೆಯ ಬದಲು ಅಣ್ಣನ ಹೆಸರಿದ್ದರೆ ಅಜ್ಜಿಯ ಮಾತಿಗೆ ಸಾಕ್ಷಿ ಸಿಕ್ಕಿತು. ಇನ್ನೊಂದು ಮುಯ್ಯಿ ಪುಸ್ತಕ. ಯಾರು ಯಾವ ಊರಿನಿಂದ ಬಂದು ಎಷ್ಟು ಮುಯ್ಯಿ ಮಾಡಿದರು ಎಂಬ ಆ ಪಟ್ಟಿ, ಮದುವೆಗೆ ಬಂದವರ ಹಾಜರಿ ಪುಸ್ತಕವೇ ಸರಿ. ಅದನ್ನು ಓದಿ ಹೇಳುವಾಗ ಅಜ್ಜಿಗೆ ಹೆಸರುಗಳು ಮರಳುತ್ತವೆ. ಆದರೆ ಪುಸ್ತಕ ಓದುವುದು ಚಿತ್ರದ ಮಾತು ಮುಗಿದ ಮೇಲೆ, ಮುಂಚೆಯಲ್ಲ; ಮುಂಚೆಯೇ ಓದಿದರೆ ಕಿವಿಗೆ ಬಿದ್ದ ಹೆಸರು ಸಿಕ್ಕ ಮುಖಕ್ಕೆ ಅಂಟಿಕೊಳ್ಳುತ್ತದೆ.

ಚಿತ್ರದ ಕಾಗದವೂ ಒಂದು ಸಾಕ್ಷಿ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1967ರಲ್ಲಿ, ಅದರ ಗುರುತು ‘ಇಂದು’. ಹಿಂಬದಿಯಲ್ಲಿ ಆ ಹೆಸರಿದ್ದರೆ ಆ ಪ್ರಿಂಟ್ 1960ರದಲ್ಲ. ಹಾಗೆಂದು ಮದುವೆಯೂ ಆಮೇಲಿನದು ಎನ್ನುವಂತಿಲ್ಲ. ಹಳೇ ನೆಗೆಟಿವಿನಿಂದ ಆಮೇಲೆ ಪ್ರತಿ ತೆಗೆಸಿದ್ದಿರಬಹುದು.

ಕೂರಿಸಿ ಕೇಳುವ ಬಗೆಯ ಬಗ್ಗೆ ಒಂದೆರಡು ಮಾತು. ಇಬ್ಬರು ಹಿರಿಯರಿದ್ದರೆ ಮೊದಲು ಬೇರೆ ಬೇರೆಯಾಗಿ ಕೇಳಬೇಕು, ಆಮೇಲೆ ಒಟ್ಟಿಗೆ. ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರ ಉತ್ತರವೇ ಇಬ್ಬರ ಉತ್ತರವಾಗುತ್ತದೆ. ಸಾಮಾನ್ಯವಾಗಿ ಅಣ್ಣ ಮಾತಾಡುತ್ತಾರೆ, ತಂಗಿ ತಲೆಯಾಡಿಸುತ್ತಾರೆ. ಬೇರೆ ಬೇರೆಯಾಗಿ ಕೇಳಿದಾಗ ಇಬ್ಬರೂ ಒಂದೇ ಹೆಸರು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಕುಟುಂಬದ ವಾಟ್ಸಾಪ್ ಗುಂಪಿಗೆ ಚಿತ್ರ ಹಾಕಿ ‘ಯಾರು ಹೇಳಿ ನೋಡೋಣ’ ಎನ್ನುವುದು ಇದೇ ಕಾರಣಕ್ಕೆ ಅಪಾಯ. ಮೊದಲು ಟೈಪ್ ಮಾಡಿದವರ ಊಹೆಗೆ ಹತ್ತು ಹೆಬ್ಬೆರಳು ಬಿದ್ದು ಅದೇ ಸತ್ಯವಾಗುತ್ತದೆ. ಮೈಸೂರಿನ ಚಿಕ್ಕಮ್ಮನಿಗೂ ಅಮೆರಿಕದಲ್ಲಿರುವ ದೊಡ್ಡತ್ತೆಗೂ ಸಂಖ್ಯೆ ಹಾಕಿದ ಚಿತ್ರವನ್ನು ಒಬ್ಬೊಬ್ಬರಿಗೇ ಕಳಿಸಿ, ವಿಡಿಯೋ ಕರೆಯಲ್ಲಿ ಮಾತಾಡಿಸಿದರೆ ಅವರವರ ನೆನಪು ಅವರವರದಾಗಿ ಸಿಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ್ದು ಕುಗ್ಗುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸುವುದು ಮೇಲು.

ಒಂದು ಕೂರುವಿಕೆಗೆ ನಾಲ್ಕೈದು ಚಿತ್ರಕ್ಕಿಂತ ಹೆಚ್ಚು ಬೇಡ. ಮೊದಲನೆಯದು ಅವರಿಗೆ ಚೆನ್ನಾಗಿ ಗೊತ್ತಿರುವ ಚಿತ್ರವಾಗಿರಲಿ, ಮಾತು ಹರಿಯುತ್ತದೆ. ‘ನೆನಪಿಲ್ವಾ?’ ಎಂಬ ಪದ ಬಾಯಿಗೆ ಬರಬಾರದು. ತಡವರಿಸಿದ ಮುಖವನ್ನು ಬಿಟ್ಟು, ಕೆಲವು ವಾರ ಕಳೆದು, ಹಿಂದಿನ ಉತ್ತರ ಹೇಳದೆ ಅದೇ ಚಿತ್ರವನ್ನು ಮತ್ತೆ ಇಡಬಹುದು. ಅದೇ ಹೆಸರು ತಾನಾಗಿ ಬಂದರೆ ನಂಬಿಕೆ ಗಟ್ಟಿಯಾಗುತ್ತದೆ. ಬೇರೆ ಹೆಸರು ಬಂದರೆ ಎರಡನ್ನೂ ಬರೆದಿಡಬೇಕು. ಕೆಲವು ಮುಖ ಕಂಡಾಗ ಹಿರಿಯರು ಪುಟ ತಿರುಗಿಸಿಬಿಡುತ್ತಾರೆ. ಆಸ್ತಿ ಪಾಲಿನ ಜಗಳವೋ, ಮನೆ ಬಿಟ್ಟುಹೋದ ಮಗಳೋ, ಎಳೆಯದರಲ್ಲೇ ತೀರಿಕೊಂಡ ಕೂಸೋ ಅದರ ಹಿಂದಿರುತ್ತದೆ. ಆಗ ಒತ್ತಾಯಿಸಬಾರದು. ಆ ಹೆಸರನ್ನು ಬೇರೆಯವರಿಂದ ಕೇಳಿ ತಿಳಿಯಬಹುದು.

ಬರೆದಿಡುವಾಗ ಹೆಸರಿನಷ್ಟೇ ಮುಖ್ಯವಾದದ್ದು ಯಾರು ಹೇಳಿದರು, ಯಾವಾಗ ಹೇಳಿದರು, ಎಷ್ಟು ಖಚಿತವಾಗಿ ಹೇಳಿದರು ಎಂಬುದು. ಹಳೇ ಕಾಗದದ ಚಿತ್ರವನ್ನು ಗಟ್ಟಿ ಮೇಜಿನ ಮೇಲೆ ಬೋರಲು ಇಟ್ಟು, ಅಂಚಿನಲ್ಲಿ, ಮೆತ್ತನೆ ಪೆನ್ಸಿಲಿನಿಂದ ಒತ್ತದೆ ಒಂದು ಸಂಖ್ಯೆ ಮಾತ್ರ ಬರೆದರೆ ಸಾಕು. ಉಳಿದ ವಿವರ ನೋಟ್‌ಬುಕ್ಕಿನಲ್ಲಿರಲಿ. ಬಾಲ್‌ಪೆನ್ ಒತ್ತು ಮುಖದ ಕಡೆಗೆ ಮೂಡುತ್ತದೆ, ಶಾಯಿ ಪಕ್ಕದ ಚಿತ್ರಕ್ಕೆ ಹತ್ತುತ್ತದೆ. ಬಣ್ಣದ ಚಿತ್ರಗಳ ನುಣುಪು ಕಾಗದದ ಮೇಲೆ ಪೆನ್ಸಿಲ್ ಹತ್ತುವುದೇ ಇಲ್ಲ, ಅವುಗಳ ಸಂಖ್ಯೆಯನ್ನು ಲಕೋಟೆಯ ಮೇಲೆ ಬರೆದು, ಆಮೇಲೆ ಚಿತ್ರವನ್ನು ಒಳಗಿಡಬೇಕು.

ಮಾದರಿ ಚಿತ್ರದ ಲೆಕ್ಕ ಕೊನೆಗೆ ಹೀಗೆ ನಿಲ್ಲುತ್ತದೆ. ಹನ್ನೆರಡರಲ್ಲಿ ಹತ್ತು ಮುಖಗಳಿಗೆ ಹೆಸರು ಖಚಿತ. ಒಂಬತ್ತನೆಯದಕ್ಕೆ ಮದುವೆಯ ಕಾಗದದಲ್ಲಿದ್ದ ಹೆಸರು, ಮುಂದೆ ‘ಇರಬಹುದು’ ಎಂಬ ಪದದೊಂದಿಗೆ. ಐದನೆಯದಕ್ಕೆ ಹೆಸರಿಲ್ಲ, ‘ಮದುಮಗನ ಅತ್ತಿಗೆ, 1960’ ಎಂದಷ್ಟೇ. ಅದನ್ನು ಹಾಗೆಯೇ ಬಿಡಬೇಕು, ಊಹೆಯ ಹೆಸರು ತುಂಬಬಾರದು. ಆ ಹೆಸರು ಗಂಡಿನ ಕಡೆಯ ಯಾವುದೋ ಮನೆಯಲ್ಲಿ ಇನ್ನೂ ಒಬ್ಬರ ನಾಲಿಗೆಯ ಮೇಲಿರುತ್ತದೆ. ನಿಮ್ಮ ಮನೆಯ ಆಲ್ಬಮ್ಮಿನಲ್ಲೂ ಇಂಥ ಐದನೆಯವರಿದ್ದರೆ, ಚಿತ್ರದ ಒಂದು ಪ್ರತಿಯನ್ನು ಆ ಮನೆಗೆ ಈ ತಿಂಗಳೇ ತಲುಪಿಸಿ, ಅಲ್ಲಿನ ಅತಿ ಹಿರಿಯರನ್ನು ಕಂಡು, ‘ಇದು ಯಾವ ಮನೆ ಅಂಗಳ?’ ಎಂಬಲ್ಲಿಂದ ಮಾತು ಶುರುಮಾಡಿ.